ಒಂಬತ್ತು ನಿಮಿಷ ಉಳಿಸಲು ಹೊರಟು ಇಪ್ಪತ್ತು ನಿಮಿಷ ಕಳೆದುಕೊಂಡದ್ದು: ಒಂದು ಸುತ್ತುದಾರಿಯ ಪ್ರಕರಣ ಅಧ್ಯಯನ

ಒಂದೇ ಸ್ಥಳದಿಂದ ಒಂದೇ ಸಮಯಕ್ಕೆ, ಒಂದೇ ಊರಿಗೆ ಎರಡು ಕಾರುಗಳು ಹೊರಟಿದ್ದವು. ಮುಂದಿನದನ್ನು ನಾನು ನಡೆಸುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ತಮ್ಮನ ಕೈಯಲ್ಲಿ ನ್ಯಾವಿಗೇಷನ್ ತೋರಿಸುವ ಫೋನ್ ಇತ್ತು. ಹಿಂದಿನ ಕಾರಿನಲ್ಲಿ ನನ್ನ ಗೆಳೆಯನಿದ್ದ. ಅವನ ಫೋನಿನಲ್ಲೂ ಅದೇ ಆ್ಯಪ್ ಇತ್ತು. ಮಾರ್ಗಮಧ್ಯೆ ಆ್ಯಪ್ ಇಬ್ಬರಿಗೂ ಒಂದೇ ಸುತ್ತುದಾರಿಯನ್ನು ಸೂಚಿಸಿತು. ನಾನು ತಿರುಗಿದೆ. ಅವನೂ ತಿರುಗಬೇಕೆಂದಿದ್ದ, ಆದರೆ ಪಕ್ಕದ ಲೇನ್‌ನಲ್ಲಿದ್ದ ಲಾರಿಯೊಂದು ಜಾಗ ಬಿಡದ ಕಾರಣ ತಿರುವು ತಪ್ಪಿ ಹೆದ್ದಾರಿಯಲ್ಲೇ ಉಳಿದ. ಈ ಆಕಸ್ಮಿಕದಿಂದಾಗಿಯೇ ಸಾಮಾನ್ಯವಾಗಿ ಯಾರಿಗೂ ಸಿಗದ ಹೋಲಿಕೆಯೊಂದು ನಮಗೆ ದೊರಕಿತು. ಸುತ್ತುದಾರಿ ಹಿಡಿದವನಿಗೆ ಹಿಡಿಯದಿದ್ದರೆ ಏನಾಗುತ್ತಿತ್ತು ಎಂಬುದು ಎಂದೂ ತಿಳಿಯುವುದಿಲ್ಲ. ಆ್ಯಪ್‌ನ ಸಲಹೆ ಒಳ್ಳೆಯದೋ ಕೆಟ್ಟದ್ದೋ ಎಂಬ ಮಾತು ಹೆಚ್ಚಾಗಿ ನಂಬಿಕೆಯ ಮೇಲೆ ನಿಲ್ಲುವುದು ಅದರಿಂದಲೇ. ನಮ್ಮಿಬ್ಬರ ಕಾರುಗಳಲ್ಲೂ ಡ್ಯಾಶ್‌ಕ್ಯಾಮ್ ಇದ್ದುದರಿಂದ ಪ್ರತಿ ಹಂತದ ಸಮಯವನ್ನು ಆಮೇಲೆ ಎದುರುಬದುರು ಇಟ್ಟು ನೋಡಲು ಸಾಧ್ಯವಾಯಿತು.

ಒಟ್ಟು ದಾರಿ 64 ಕಿಲೋಮೀಟರ್. ಸಂಜೆ 5:10ಕ್ಕೆ ಹೊರಟಾಗ 6:20ಕ್ಕೆ ತಲುಪುತ್ತೀರಿ ಎಂದು ಆ್ಯಪ್ ತೋರಿಸಿತ್ತು. ದಾರಿಯ ಬಹುಭಾಗ ಮಧ್ಯೆ ವಿಭಜಕವಿರುವ, ಎರಡೂ ದಿಕ್ಕಿಗೆ ಎರಡೆರಡು ಲೇನ್ ಇರುವ ಹೆದ್ದಾರಿ. 26ನೆಯ ಕಿಲೋಮೀಟರಿನ ಸಮೀಪ, 5:38ಕ್ಕೆ, ತೆರೆಯ ಮೇಲೆ ಸೂಚನೆ ಮೂಡಿತು: ಏಳು ಕಿಲೋಮೀಟರ್ ಮುಂದೆ ಅಪಘಾತ, 22 ನಿಮಿಷ ವಿಳಂಬ, ಬದಲಿ ಮಾರ್ಗದಲ್ಲಿ ಹೋದರೆ ಒಂಬತ್ತು ನಿಮಿಷ ಉಳಿತಾಯ.

“ಅಣ್ಣಾ, ಒಂಬತ್ತು ನಿಮಿಷ ಉಳಿಯುತ್ತೆ ಅಂತಿದೆ, ಮುಂದಿನ ಕೆಳಸೇತುವೆ ಹತ್ರ ತಿರುಗ್ಬೇಕು,” ಎಂದ ತಮ್ಮ.

“ದಾರಿ ಹೆಂಗಿದೆ ನೋಡು,” ಎಂದೆ. ಅವನು ನೋಡಿದ್ದು ಬಣ್ಣವನ್ನು. ದಾರಿಯುದ್ದಕ್ಕೂ ಹಸಿರೇ ಇತ್ತು. ಹೆದ್ದಾರಿಯ ಮೇಲೆ ಎರಡೂವರೆ ಕಿಲೋಮೀಟರ್ ಕಡುಗೆಂಪು ಗೆರೆ ಎಳೆದಿತ್ತು. ಇಷ್ಟು ನೋಡಿದ ಮೇಲೆ ಬೇರೆ ಏನನ್ನೂ ನೋಡಬೇಕೆಂದು ನಮಗಿಬ್ಬರಿಗೂ ಅನ್ನಿಸಲಿಲ್ಲ.

ಆ್ಯಪ್ ಹಾಕಿದ ಲೆಕ್ಕ

ಸುತ್ತುದಾರಿ ಹೆದ್ದಾರಿಯನ್ನು ಮತ್ತೆ ಕೂಡುವುದು 39ನೆಯ ಕಿಲೋಮೀಟರಿನಲ್ಲಿ. ಅಂದರೆ ನಿಜವಾಗಿ ಹೋಲಿಸಬೇಕಾದದ್ದು ಇಡೀ ಪ್ರಯಾಣವನ್ನಲ್ಲ, ಹೆದ್ದಾರಿಯ 13 ಕಿಲೋಮೀಟರನ್ನು ಮತ್ತು ಅದಕ್ಕೆ ಬದಲಾಗಿ ಬಂದ 17 ಕಿಲೋಮೀಟರನ್ನು ಮಾತ್ರ. ಹೆದ್ದಾರಿಯ ತುಂಡಿಗೆ ಮಾಮೂಲಿನ 10 ನಿಮಿಷ ಮತ್ತು ವಿಳಂಬದ 22 ಸೇರಿ 32 ನಿಮಿಷ. ಸುತ್ತುದಾರಿಗೆ 23 ನಿಮಿಷ. ವ್ಯತ್ಯಾಸ ಒಂಬತ್ತು. ಲೆಕ್ಕದಲ್ಲಿ ದೋಷವೇನೂ ಇರಲಿಲ್ಲ. ದೋಷವಿದ್ದದ್ದು ಕೂಡಿಸಲು ತೆಗೆದುಕೊಂಡ ಸಂಖ್ಯೆಗಳಲ್ಲಿ, ಅದೂ ಎರಡೂ ಕಡೆಗಳಲ್ಲಿ.

ಇಂಥ ಆ್ಯಪ್‌ಗಳು ರಸ್ತೆಯನ್ನು ಚಿಕ್ಕಚಿಕ್ಕ ತುಂಡುಗಳನ್ನಾಗಿ ಕತ್ತರಿಸಿ, ಪ್ರತಿ ತುಂಡನ್ನು ದಾಟಲು ಹಿಡಿಯುವ ಸಮಯವನ್ನು ಅಂದಾಜಿಸಿ, ಎಲ್ಲವನ್ನೂ ಕೂಡುತ್ತವೆ. ಆ ಅಂದಾಜಿಗೆ ಮುಖ್ಯ ಆಧಾರ ರಸ್ತೆಯ ಮೇಲಿರುವ ಇತರರ ಫೋನ್‌ಗಳು ಚಲಿಸುತ್ತಿರುವ ವೇಗ. ಫೋನ್‌ಗಳು ಸಾಕಷ್ಟು ಇದ್ದ ಕಡೆ ಈಗಿನ ವೇಗ ತಿಳಿಯುತ್ತದೆ. ವಿರಳವಾಗಿದ್ದ ಕಡೆ ಹಿಂದಿನ ವಾರಗಳ ಇದೇ ದಿನ, ಇದೇ ಹೊತ್ತಿನ ಸರಾಸರಿಯನ್ನು ಬಳಸಬೇಕಾಗುತ್ತದೆ. ಅದೂ ಇಲ್ಲದಿದ್ದರೆ ರಸ್ತೆಯ ವರ್ಗ ಮತ್ತು ನಕ್ಷೆಯಲ್ಲಿ ದಾಖಲಾದ ವೇಗಮಿತಿಯ ಮೇಲೆ ಊಹೆ ನಿಲ್ಲುತ್ತದೆ. ಆ್ಯಪ್‌ಗೆ ಕಾಣುವುದು ಫೋನ್‌ಗಳ ಚಲನೆಯೇ ಹೊರತು ರಸ್ತೆಯಲ್ಲ ಎಂಬುದನ್ನು 2020ರಲ್ಲಿ ಸೈಮನ್ ವೆಕರ್ಟ್ ಎಂಬ ಜರ್ಮನ್ ಕಲಾವಿದ ತಮಾಷೆಯಾಗಿ ತೋರಿಸಿಕೊಟ್ಟಿದ್ದರು: 99 ಫೋನ್‌ಗಳನ್ನು ಒಂದು ಕೈಗಾಡಿಯಲ್ಲಿ ತುಂಬಿಕೊಂಡು ಬರ್ಲಿನ್ನಿನ ಖಾಲಿ ಬೀದಿಯಲ್ಲಿ ನಿಧಾನವಾಗಿ ಎಳೆದುಕೊಂಡು ಹೋದಾಗ, ಗೂಗಲ್ ಮ್ಯಾಪ್ಸ್‌ನಲ್ಲಿ ಆ ಬೀದಿ ಕೆಂಪಾಗಿತ್ತು. ಇದರ ತಿರುವುಮುರುವು ನಮ್ಮ ಪ್ರಕರಣಕ್ಕೆ ಸಂಬಂಧಿಸಿದ್ದು. ಯಾರೂ ಓಡಾಡದ ರಸ್ತೆಯಲ್ಲಿ ಅಡಚಣೆ ಏನೇ ಇರಲಿ, ಅದನ್ನು ಕೆಂಪು ಮಾಡುವವರು ಯಾರೂ ಇರುವುದಿಲ್ಲ.

ಎರಡು ಕಾರುಗಳಿಗೆ ಆದದ್ದು

ಸುತ್ತುದಾರಿಯ ಮೊದಲ 11 ಕಿಲೋಮೀಟರ್ ಆ್ಯಪ್ ಹೇಳಿದಂತೆಯೇ ಇತ್ತು. ಸಾಧಾರಣ ಅಗಲದ, ಖಾಲಿಯಾದ ರಸ್ತೆ. 15 ನಿಮಿಷದಲ್ಲಿ ಮುಗಿಯಿತು. 5:53ಕ್ಕೆ ತೆರೆ ನೋಡಿದಾಗ ತಲುಪುವ ಸಮಯ 6:34 ಎಂದಿತ್ತು. ತಿರುಗಿದಾಗ ತೋರಿಸಿದ್ದಕ್ಕಿಂತ ಒಂದೇ ನಿಮಿಷ ಹೆಚ್ಚು. ಗೆಳೆಯನ ಬಗ್ಗೆ ಸ್ವಲ್ಪ ಕನಿಕರವೂ ಆಯಿತು ಎಂದು ಒಪ್ಪಿಕೊಳ್ಳಬೇಕು.

ಆಮೇಲಿನ 5.4 ಕಿಲೋಮೀಟರಿನಲ್ಲಿ ರಸ್ತೆ ಕಿರಿದಾಯಿತು. ಎರಡೂ ಬದಿ ಮನೆಗಳು, ಹೆಜ್ಜೆಹೆಜ್ಜೆಗೆ ಉಬ್ಬುಗಳು, ನಡುವೆ ಒಂದು ಸಲಕ್ಕೆ ಒಂದೇ ದಿಕ್ಕಿನ ವಾಹನ ಹೋಗಬಹುದಾದ ಹಳೆಯ ಸೇತುವೆ. ಸುಮಾರು ಆರೂವರೆ ನಿಮಿಷ ಎಂದು ಎಣಿಸಿದ್ದ ಈ ತುಂಡಿಗೆ 13 ನಿಮಿಷ ಹಿಡಿಯಿತು. 6:06ಕ್ಕೆ ಹೆದ್ದಾರಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಿದ್ದೆವು. ಆದರೆ ನಮ್ಮ ಮುಂದೆ ಸುಮಾರು 600 ಮೀಟರ್ ಉದ್ದದ ಸಾಲು ನಿಂತಿತ್ತು. ಅದನ್ನು ದಾಟಿ ಹೆದ್ದಾರಿಗೆ ಸೇರಿದ್ದು 6:22ಕ್ಕೆ. 17 ಕಿಲೋಮೀಟರಿಗೆ ಒಟ್ಟು 44 ನಿಮಿಷ. ಉಳಿದ 25 ಕಿಲೋಮೀಟರಿಗೆ ಇನ್ನೂ 32. ಊರು ತಲುಪಿದಾಗ 6:54.

ಗೆಳೆಯನ ದಾಖಲೆ ಹೀಗಿದೆ. 5:42ರ ಹೊತ್ತಿಗೆ ಅವನು ಹೆದ್ದಾರಿಯ ಸಾಲಿನ ಬಾಲ ಸೇರಿದ. ಕೆಟ್ಟು ನಿಂತ ಲಾರಿ ಒಂದು ಲೇನನ್ನು ಮುಚ್ಚಿತ್ತು, ಇನ್ನೊಂದರಲ್ಲಿ ವಾಹನಗಳು ತೆವಳುತ್ತಿದ್ದವು. 5:49ಕ್ಕೆ ಕ್ರೇನ್ ಆ ಲಾರಿಯನ್ನು ರಸ್ತೆಯಂಚಿಗೆ ಎಳೆದದ್ದರಿಂದ ಎರಡನೆಯ ಲೇನ್ ತೆರೆಯಿತು. 5:57ಕ್ಕೆ ಅವನು ಅಪಘಾತದ ಸ್ಥಳ ದಾಟಿದ, 6:02ಕ್ಕೆ ನಾವು ಕೂಡಬೇಕಿದ್ದ ಜಂಕ್ಷನ್ನನ್ನೂ ದಾಟಿದ, 6:34ಕ್ಕೆ ಊರು ತಲುಪಿದ. 32 ನಿಮಿಷ ಎಂದು ಹೆದರಿಸಿದ್ದ 13 ಕಿಲೋಮೀಟರಿಗೆ ಅವನಿಗೆ ಹಿಡಿದದ್ದು 24 ನಿಮಿಷ. ಆ್ಯಪ್ ಒಂಬತ್ತು ನಿಮಿಷದ ಲಾಭ ಹೇಳಿತ್ತು, ಆದದ್ದು 20 ನಿಮಿಷದ ನಷ್ಟ. ಅಂದಾಜು ಮತ್ತು ವಾಸ್ತವದ ನಡುವಿನ ಅಂತರ 29 ನಿಮಿಷ. ಅದರಲ್ಲಿ 21 ನಿಮಿಷ ಸುತ್ತುದಾರಿಯ ಕಡೆಯದು, ಎಂಟು ನಿಮಿಷ ಹೆದ್ದಾರಿಯ ಕಡೆಯದು.

ಹೆದ್ದಾರಿಯ ಎಂಟು ನಿಮಿಷ

ಇದು ಸುಲಭವಾದದ್ದು, ಆದ್ದರಿಂದ ಮೊದಲು ಮುಗಿಸುತ್ತೇನೆ. ತೆರೆಯ ಮೇಲೆ ಕಾಣುವ ವಿಳಂಬವೆಂದರೆ ಈ ಗಳಿಗೆಯಲ್ಲಿ ಆ ಸಾಲನ್ನು ದಾಟಲು ಬೇಕಾಗುವ ಸಮಯ. ನಾವು ಆ ಸಾಲು ಮುಟ್ಟುವುದು ಕೆಲವು ನಿಮಿಷಗಳ ನಂತರ, ದಾಟಿ ಮುಗಿಸುವುದು ಇನ್ನೂ ತಡವಾಗಿ. ಅಪಘಾತದ ಸಾಲಿನ ಸ್ವಭಾವವೇನೆಂದರೆ, ಅದು ತುಂಬ ಹೊತ್ತು ಬೆಳೆಯುತ್ತಾ ಹೋಗಿ, ಅಡ್ಡಿ ತೆಗೆದ ಕೂಡಲೇ ಬಿರುಸಾಗಿ ಕರಗುತ್ತದೆ. ಎರಡನೆಯ ಲೇನ್ ತೆರೆದ ಕ್ಷಣದಿಂದ ಹೊರಬೀಳುವ ವಾಹನಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಕ್ರೇನ್ ಯಾವಾಗ ಬರುತ್ತದೆ ಎಂಬುದನ್ನು ಆ್ಯಪ್ ತಿಳಿಯಲಾರದು. ಹೆಚ್ಚೆಂದರೆ ಇಂಥ ಅಡ್ಡಿಗಳು ಸಾಮಾನ್ಯವಾಗಿ ಎಷ್ಟು ಹೊತ್ತು ಇರುತ್ತವೆ ಎಂದು ಊಹಿಸಬಹುದು. ಹಾಗಾಗಿ ಅಪಘಾತದ ವರದಿ ಹಳೆಯದಾದಷ್ಟೂ, ನಾವು ಅಲ್ಲಿಂದ ದೂರವಿದ್ದಷ್ಟೂ ತೆರೆಯ ಮೇಲಿನ ವಿಳಂಬವನ್ನು ಸ್ವಲ್ಪ ಕಡಿಮೆ ಮಾಡಿಕೊಂಡು ಓದುವುದು ಉಚಿತ. ಈಗಷ್ಟೇ ಆದ ಅಪಘಾತದ ಮಾತು ಬೇರೆ: ಅಲ್ಲಿ ಸಾಲು ಇನ್ನೂ ಬೆಳೆಯುತ್ತಿರುತ್ತದೆ, ತೆರೆ ತೋರಿಸುವುದಕ್ಕಿಂತ ವಾಸ್ತವ ಕೆಟ್ಟದಾಗಿರಬಹುದು.

ಸುತ್ತುದಾರಿಯ ಕೊನೆಯ 600 ಮೀಟರ್

ಪ್ರಕರಣದ ತಿರುಳು ಇಲ್ಲಿದೆ. ಸುತ್ತುದಾರಿಯು ಹೆದ್ದಾರಿಯ ಆಚೆ ಬದಿಯಿಂದ ಬಂದು ಕೂಡುತ್ತಿತ್ತು. ಅಂದರೆ ಪ್ರತಿಯೊಂದು ವಾಹನವೂ ಎದುರು ದಿಕ್ಕಿನ ಎರಡು ಲೇನ್‌ಗಳನ್ನು ಅಡ್ಡ ದಾಟಿ, ವಿಭಜಕದ ತೆರಪಿನಲ್ಲಿ ನಿಂತು, ನಂತರ ನಮ್ಮ ದಿಕ್ಕಿನ ವಾಹನಗಳ ನಡುವೆ ಜಾಗ ಹುಡುಕಿ ಸೇರಿಕೊಳ್ಳಬೇಕು. ಸಿಗ್ನಲ್ ಇರಲಿಲ್ಲ. ತೆರಪಿನಲ್ಲಿ ಎರಡು ಕಾರುಗಳಿಗಷ್ಟೇ ಜಾಗ. ವೇಗವಾಗಿ ಹರಿಯುವ ರಸ್ತೆಯನ್ನು ಸುರಕ್ಷಿತವಾಗಿ ದಾಟಲು ಚಾಲಕನಿಗೆ ಆರೇಳು ಸೆಕೆಂಡಿನ ಬಿಡುವಾದರೂ ಬೇಕು. ಸಂಜೆಯ ದಟ್ಟಣೆಯಲ್ಲಿ ಅಂಥ ಬಿಡುವು ಅಪರೂಪ.

ಡ್ಯಾಶ್‌ಕ್ಯಾಮ್ ನೋಡಿ ಎಣಿಸಿದಾಗ ನಮ್ಮ ಮುಂದೆ ಸುಮಾರು 80 ವಾಹನಗಳಿದ್ದವು. ಒಂದು ವಾಹನಕ್ಕೆ ಏಳೂವರೆ ಮೀಟರ್ ಹಿಡಿದರೆ 600 ಮೀಟರ್ ಸರಿಹೋಗುತ್ತದೆ. ಅವು ಹೊರಬೀಳಲು 16 ನಿಮಿಷ ಹಿಡಿಯಿತು, ಅಂದರೆ ನಿಮಿಷಕ್ಕೆ ಐದು. ಇದೊಂದು ಸಂಖ್ಯೆಯನ್ನು ಹೆದ್ದಾರಿಯ ಪಕ್ಕದಲ್ಲಿ ಇಟ್ಟು ನೋಡಬೇಕು. ತೆರೆದಿರುವ ಒಂದು ಹೆದ್ದಾರಿ ಲೇನ್, ಅಪಘಾತದ ಪಕ್ಕದಲ್ಲಿ ಎಲ್ಲರೂ ನಿಧಾನಿಸಿ ಇಣುಕಿ ನೋಡುತ್ತಾ ಹೋದರೂ, ಗಂಟೆಗೆ 1,500ರ ಆಸುಪಾಸು ವಾಹನಗಳನ್ನು ಬಿಡುತ್ತದೆ, ನಿಮಿಷಕ್ಕೆ 25. ಅರ್ಧ ಮುಚ್ಚಿದ ಹೆದ್ದಾರಿಯ ಬಾಯಿ ಕೂಡ ಸುತ್ತುದಾರಿಯ ಬಾಯಿಗಿಂತ ಐದು ಪಟ್ಟು ದೊಡ್ಡದಾಗಿತ್ತು. ನಾವು ಅಗಲವಾದ ಬಾಯಿಯ ಮುಂದಿನ ಉದ್ದ ಸಾಲಿಗೆ ಹೆದರಿ, ಕಿರಿದಾದ ಬಾಯಿಯ ಮುಂದಿನ ಗಿಡ್ಡ ಸಾಲಿಗೆ ಹೋಗಿ ನಿಂತಿದ್ದೆವು.

ಈ ಸಾಲು ಹೇಗೆ ಬೆಳೆಯಿತು ಎಂಬುದೂ ಸರಳ. ನಿಮಿಷಕ್ಕೆ ಐದು ಹೋಗುವ ಕಡೆ ನಿಮಿಷಕ್ಕೆ ಐದೇ ಬಂದರೆ ಸಾಲೇ ಇರುವುದಿಲ್ಲ. ಒಂಬತ್ತು ಬಂದರೆ ಪ್ರತಿ ನಿಮಿಷ ನಾಲ್ಕು ಉಳಿಯುತ್ತವೆ, 20 ನಿಮಿಷದಲ್ಲಿ 80 ಆಗುತ್ತವೆ. ಅಂದರೆ ನಾವು ಅಲ್ಲಿಗೆ ತಲುಪುವ ಇಪ್ಪತ್ತು ನಿಮಿಷ ಮುಂಚೆ, ಸುಮಾರು 5:46ಕ್ಕೆ, ಅಲ್ಲಿ ಸಾಲೇ ಇರದೆ ಇದ್ದಿರಬಹುದು. ನಾವು ಸುತ್ತುದಾರಿಗೆ ತಿರುಗಿದ್ದು 5:38ಕ್ಕೆ. ಆಗ ಕಂಡ ಹಸಿರು ಬಣ್ಣ ಸುಳ್ಳಾಗಿರಲಿಲ್ಲ, ನಮ್ಮ ಮಟ್ಟಿಗೆ ಅರ್ಧ ಗಂಟೆ ಹಳೆಯದಾಗಲಿತ್ತು, ಅಷ್ಟೆ. ನಮಗಿಂತ ಮೊದಲು ತಿರುಗಿದವರು ಇನ್ನೂ ಆ ಜಂಕ್ಷನ್ ಮುಟ್ಟಿರಲಿಲ್ಲ. ಮುಟ್ಟುವ ತನಕ ಅವರ ಫೋನ್‌ಗಳೆಲ್ಲ ಮೊದಲ ಹನ್ನೊಂದು ಕಿಲೋಮೀಟರಿನಲ್ಲಿ ವೇಗವಾಗಿ ಓಡುತ್ತಾ, ಈ ದಾರಿ ಚೆನ್ನಾಗಿದೆ ಎಂದೇ ವರದಿ ಮಾಡುತ್ತಿದ್ದವು.

ಇನ್ನೊಂದು ವಿಪರ್ಯಾಸವನ್ನು ಗೆಳೆಯನ ದೃಶ್ಯಾವಳಿ ನೋಡುವವರೆಗೂ ನಾನು ಗಮನಿಸಿರಲಿಲ್ಲ. 5:49ಕ್ಕೆ ಹೆದ್ದಾರಿ ತೆರೆದದ್ದೇ ನಮಗೆ ಮುಳುವಾಯಿತು. ಅಪಘಾತ ಒಂದು ಲೇನನ್ನು ಮುಚ್ಚಿದ್ದಾಗ, ಅದರಾಚೆಯ ನಮ್ಮ ಜಂಕ್ಷನ್ನಿನಲ್ಲಿ ಹೆದ್ದಾರಿ ತೆಳ್ಳಗೆ ಹರಿಯುತ್ತಿತ್ತು. ಒಳಗೆ ಸೇರಿಕೊಳ್ಳಲು ಬಿಡುವು ಸಿಗುತ್ತಿತ್ತು. ಎರಡನೆಯ ಲೇನ್ ತೆರೆದು ಐದಾರು ನಿಮಿಷಕ್ಕೆ, ಅಲ್ಲಿ ಹಿಡಿದಿಟ್ಟಿದ್ದ ವಾಹನಗಳೆಲ್ಲ ಒಂದರ ಬೆನ್ನಿಗೆ ಒಂದು ಬಂದು ನಮ್ಮ ಜಂಕ್ಷನ್ನನ್ನು ಹಾದುಹೋಗತೊಡಗಿದವು. ಬಿಡುವು ಇಲ್ಲವಾಯಿತು. ಅಡ್ಡಿ ನೀಗಿದಷ್ಟೂ ಸುತ್ತುದಾರಿಯ ತುದಿ ಬಿಗಿಯಾಯಿತು. ನಾವು ತಪ್ಪಿಸಿಕೊಳ್ಳಲು ಹೊರಟ ವಾಹನಗಳಿಗೇ ಕೊನೆಗೆ ದಾರಿ ಬಿಟ್ಟುಕೊಟ್ಟು ನಿಲ್ಲಬೇಕಾಯಿತು, ಗೆಳೆಯನ ಕಾರು ಅಷ್ಟರಲ್ಲಾಗಲೇ ಆ ಜಂಕ್ಷನ್ ದಾಟಿ ಹೋಗಿತ್ತು.

ಸಾರಿಗೆ ಅಧ್ಯಯನದಲ್ಲಿ ಇದಕ್ಕೆ ಹಳೆಯ ಹಿನ್ನೆಲೆಯಿದೆ. 1952ರಲ್ಲಿ ಜಾನ್ ಗ್ಲೆನ್ ವಾರ್ಡ್ರಾಪ್ ಮಂಡಿಸಿದ ತತ್ತ್ವದ ಪ್ರಕಾರ, ಪ್ರತಿಯೊಬ್ಬರೂ ತಮಗೆ ಬೇಗನೆಂದು ಕಂಡ ದಾರಿಯನ್ನೇ ಹಿಡಿಯುತ್ತಾ ಹೋದರೆ, ಬಳಕೆಯಲ್ಲಿರುವ ಎಲ್ಲ ದಾರಿಗಳ ಸಮಯವೂ ಸಮನಾಗುವಲ್ಲಿ ಅದು ನೆಲೆ ನಿಲ್ಲುತ್ತದೆ. ಆ್ಯಪ್ ಈ ಸಮತೆಯತ್ತ ಬೇಗ ತಳ್ಳುತ್ತದೆ. ಸೂಚನೆಗೂ ಅದರ ಪರಿಣಾಮ ತೆರೆಯ ಮೇಲೆ ಕಾಣಿಸುವುದಕ್ಕೂ ನಡುವೆ ತಡವಿರುವುದರಿಂದ ಒಮ್ಮೊಮ್ಮೆ ಸಮತೆಯ ಗೆರೆಯನ್ನೇ ದಾಟಿಸಿ ಆಚೆಗೆ ನೂಕಿಬಿಡುತ್ತದೆ. ಹಾಗಾಗಿ ಕಿರಿದಾದ ರಸ್ತೆಯ ಒಂಬತ್ತು ನಿಮಿಷದ ಲಾಭ ಮೊದಲು ತಿರುಗಿದ ಕೆಲವರದ್ದು. ನಾವು ಆ ಕೆಲವರಲ್ಲಿ ಒಬ್ಬರೇ ಎಂಬುದನ್ನು ತೆರೆ ತಿಳಿಸುವುದಿಲ್ಲ.

2019ರ ಜೂನ್‌ನಲ್ಲಿ ಅಮೆರಿಕದ ಡೆನ್ವರ್ ವಿಮಾನ ನಿಲ್ದಾಣದ ಸಮೀಪ ನಡೆದದ್ದು ಇದರದೇ ಅತಿರೇಕದ ರೂಪ. ಪೆನ್ಯಾ ಬುಲೆವಾರ್ಡ್ ಎಂಬ ಮುಖ್ಯರಸ್ತೆಯಲ್ಲಿ ಅಪಘಾತವಾದಾಗ ಗೂಗಲ್ ಮ್ಯಾಪ್ಸ್ ಚಾಲಕರನ್ನು ಒಂದು ಮಣ್ಣಿನ ರಸ್ತೆಗೆ ತಿರುಗಿಸಿತು. ಮಳೆಯಿಂದ ಆ ರಸ್ತೆ ಕೆಸರಾಗಿತ್ತು. ಸುಮಾರು ನೂರು ಕಾರುಗಳು ಒಂದರ ಹಿಂದೊಂದು ಹೋಗಿ ಸಿಕ್ಕಿಹಾಕಿಕೊಂಡವು.

ಮಧ್ಯದ ತುಂಡು ಮತ್ತು ವೇಗಮಿತಿಯ ಎಚ್ಚರಿಕೆ

ವೇಗಮಿತಿಯ ಸೂಚನೆಯನ್ನು ಹೆಚ್ಚಿನವರು ದಂಡ ತಪ್ಪಿಸುವ ಸೌಲಭ್ಯವೆಂದಷ್ಟೇ ನೋಡುತ್ತಾರೆ. ಈ ಪ್ರಕರಣದಲ್ಲಿ ಅದು ಮಾರ್ಗದ ಅಂದಾಜಿನ ತಪ್ಪನ್ನೇ ಬಯಲಿಗೆ ತಂದ ಸುಳಿವಾಯಿತು. ಮನೆಗಳ ನಡುವಿನ 5.4 ಕಿಲೋಮೀಟರ್ ಶುರುವಾಗುವಲ್ಲಿ ರಸ್ತೆಬದಿಯ ಫಲಕದಲ್ಲಿ 30 ಎಂದು ಬರೆದಿತ್ತು. ತೆರೆಯ ಮೂಲೆಯಲ್ಲಿ 50 ಇತ್ತು. ಆ ತುಂಡಿನ ಉದ್ದಕ್ಕೂ ಎಚ್ಚರಿಕೆಯ ಸದ್ದು ಒಮ್ಮೆಯೂ ಕೇಳಲಿಲ್ಲ.

ಲೆಕ್ಕ ಹಾಕಿ ನೋಡಿ. 5.4 ಕಿಲೋಮೀಟರನ್ನು 50ರ ವೇಗದಲ್ಲಿ ದಾಟಲು ಆರೂವರೆ ನಿಮಿಷ ಸಾಕು, 30ರ ವೇಗದಲ್ಲಿ ಸುಮಾರು 11 ನಿಮಿಷ ಬೇಕು. ಆ್ಯಪ್ ಆ ತುಂಡಿಗೆ ಕೊಟ್ಟಿದ್ದ ಸಮಯ ಮೊದಲನೆಯದಕ್ಕೆ ಸರಿಯಾಗಿ ಹೊಂದುತ್ತದೆ. ಆ್ಯಪ್‌ನ ಒಳಗಿನ ಲೆಕ್ಕ ನಮಗೆ ಕಾಣದು, ಆದ್ದರಿಂದ ಇದು ನನ್ನ ತರ್ಕವಷ್ಟೆ: ಫೋನ್‌ಗಳು ವಿರಳವಾಗಿದ್ದ ಆ ರಸ್ತೆಗೆ ನಕ್ಷೆಯಲ್ಲಿದ್ದ ತಪ್ಪು ವೇಗಮಿತಿಯೇ ನಿರೀಕ್ಷಿತ ವೇಗವಾಗಿರಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಎಲ್ಲರೂ ನೋಡಬಹುದಾದ ಮುಕ್ತ ನಕ್ಷೆಯ ದತ್ತಾಂಶದಲ್ಲಿ ಇದು ಹೇಗಾಗುತ್ತದೆಂದು ತೋರಿಸುವುದು ಸುಲಭ. ಅಲ್ಲಿ ರಸ್ತೆಯ ತುಂಡಿಗೆ ಇಂಥದೊಂದು ಸಾಲು ಅಂಟಿಕೊಂಡಿರುತ್ತದೆ:

```
maxspeed=50
```

ಈ ದತ್ತಾಂಶವನ್ನು ಬಳಸುವ ಮಾರ್ಗ ಹುಡುಕುವ ತಂತ್ರಾಂಶಗಳು ಎಚ್ಚರಿಕೆಗೂ ಪ್ರಯಾಣದ ಸಮಯದ ಅಂದಾಜಿಗೂ ಇದೇ ಸಾಲನ್ನು ಆಧರಿಸಬಲ್ಲವು. ಸಾಲು ತಪ್ಪಾದರೆ ಎರಡೂ ಒಟ್ಟಿಗೆ ತಪ್ಪುತ್ತವೆ, ಅದೂ ಒಂದೇ ದಿಕ್ಕಿನಲ್ಲಿ: ರಸ್ತೆ ಇರುವುದಕ್ಕಿಂತ ವೇಗವಾಗಿ ಕಾಣುತ್ತದೆ, ಆದ್ದರಿಂದ ಸುತ್ತುದಾರಿಯಾಗಿ ಆಯ್ಕೆಯಾಗುತ್ತದೆ, ಆಯ್ಕೆಯಾದ ಮೇಲೆ ಚಾಲಕನನ್ನು ಎಚ್ಚರಿಸುವುದೂ ಇಲ್ಲ. ಫಲಕಕ್ಕೂ ತೆರೆಗೂ ವ್ಯತ್ಯಾಸ ಕಂಡರೆ ಫಲಕವೇ ಅಂತಿಮ ಎಂಬುದು ಎಲ್ಲರಿಗೂ ತಿಳಿದದ್ದೇ. ಸುತ್ತುದಾರಿಯಲ್ಲಿ ಅಂಥ ವ್ಯತ್ಯಾಸ ಕಂಡರೆ ತಲುಪುವ ಸಮಯವನ್ನೂ ನಂಬಬಾರದು ಎಂಬುದನ್ನು ನಾನು ಅಂದು ಕಲಿತೆ. ಆ 13 ನಿಮಿಷದಲ್ಲಿ ಉಳಿದ ಎರಡು ನಿಮಿಷ ಹಳೆಯ ಸೇತುವೆಯ ಮುಂದೆ ಎದುರಿನವರಿಗೆ ಕಾದದ್ದು.

ಅದೇ ಸಂಜೆ ಎಚ್ಚರಿಕೆ ಇನ್ನೊಂದು ಬಗೆಯಲ್ಲೂ ತಪ್ಪಿತ್ತು. ಹೆದ್ದಾರಿಯ ಮೊದಲ ಭಾಗದಲ್ಲಿ, 80ರ ಮಿತಿಯೊಳಗೇ ಹೋಗುತ್ತಿದ್ದಾಗ, ಫೋನ್ ಇದ್ದಕ್ಕಿದ್ದಂತೆ 40 ಎಂದು ತೋರಿಸಿ ಕೂಗತೊಡಗಿತು. ಪಕ್ಕದಲ್ಲೇ ಸಮಾನಾಂತರವಾಗಿ ಸರ್ವಿಸ್ ರಸ್ತೆ ಇತ್ತು, ಅದರ ಮಿತಿ 40. ತೆರೆದ ಆಕಾಶದ ಕೆಳಗೂ ಫೋನಿನ ಜಿಪಿಎಸ್ ಸುಮಾರು ಐದು ಮೀಟರ್ ಅತ್ತಿತ್ತ ಆಗಬಹುದು. ಎರಡು ರಸ್ತೆಗಳ ನಡುವಿನ ಅಂತರ ಅದಕ್ಕಿಂತ ಬಹಳ ಹೆಚ್ಚೇನೂ ಇರುವುದಿಲ್ಲ. ಯಾವ ರಸ್ತೆಯ ಮೇಲಿದ್ದೇವೆ ಎಂಬ ನಿರ್ಧಾರ ತಪ್ಪಿತು, ಮಿತಿಯೂ ತಪ್ಪಿತು. ಗುರುತಿಸುವುದು ಹೇಗೆಂದರೆ, ಆ ಹೊತ್ತಿನಲ್ಲಿ ತೆರೆಯ ಮೇಲಿನ ರಸ್ತೆಯ ಹೆಸರು ಬದಲಾಗಿರುತ್ತದೆ ಮತ್ತು ಮುಂದಿನ ತಿರುವಿನ ಸೂಚನೆ ವಿಚಿತ್ರವಾಗಿ, ಹೆದ್ದಾರಿಗೆ ಸೇರಿರಿ ಎಂದು, ಬರುತ್ತದೆ. ಇಂಥ ಕೂಗಿಗೆ ಬೆಚ್ಚಿ ವೇಗದ ಹರಿವಿನ ನಡುವೆ ಬ್ರೇಕ್ ಒತ್ತುವುದು ಅಪಾಯ.

ಊರು ತಲುಪಿದ ಮೇಲೆ ಗೆಳೆಯ ಇನ್ನೊಂದು ಪ್ರಶ್ನೆ ಎತ್ತಿದ. “ನನ್ನ ಡ್ಯಾಶ್‌ಬೋರ್ಡಲ್ಲಿ 83 ಇದ್ರೂ ಇದು ಬೀಪ್ ಆಗಲ್ಲ ಕಣೋ, ಕೆಟ್ಟಿದೆಯಾ?” ಎಂದ. ಕೆಟ್ಟಿರಲಿಲ್ಲ. ಕಾರಿನ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಆದರೆ ಸ್ವಲ್ಪ ಹೆಚ್ಚು ತೋರಿಸಬಹುದು ಎಂಬುದು ವಿಶ್ವಸಂಸ್ಥೆಯ ವಾಹನ ನಿಯಮಾವಳಿ 39ರ ಅಳತೆ. ನಿಜವಾದ ವೇಗದ ಹತ್ತನೆಯ ಒಂದು ಭಾಗ ಮತ್ತು ಅದರ ಮೇಲೆ ಗಂಟೆಗೆ ನಾಲ್ಕು ಕಿಲೋಮೀಟರ್ ಅದರ ಮೇಲ್ಮಿತಿ. 80ಕ್ಕೆ ಅದು 12 ಆಗುತ್ತದೆ. ತಯಾರಕರು ಸಹಜವಾಗಿಯೇ ಸ್ವಲ್ಪ ಮೇಲಕ್ಕೆ ಇಟ್ಟಿರುತ್ತಾರೆ. ಫೋನ್ ಉಪಗ್ರಹ ಸಂಕೇತದಿಂದ ವೇಗ ಕಂಡುಕೊಳ್ಳುತ್ತದೆ, ಒಂದೇ ವೇಗದಲ್ಲಿ ನೇರ ರಸ್ತೆಯಲ್ಲಿ ಹೋಗುವಾಗ ಅದು ನಿಜಕ್ಕೆ ಹತ್ತಿರ. ಬ್ರೇಕ್ ಒತ್ತಿದಾಗ ಒಂದೆರಡು ಸೆಕೆಂಡ್ ಹಿಂದುಳಿಯುತ್ತದೆ, ಸುರಂಗದಲ್ಲಿ ಅದನ್ನು ನೆಚ್ಚುವಂತಿಲ್ಲ. ಆದ್ದರಿಂದ ಫೋನಿನ ಎಚ್ಚರಿಕೆಯನ್ನು ಮಿತಿಯ ಮೇಲೆ ಐದೋ ಹತ್ತೋ ಕಿಲೋಮೀಟರಿಗೆ ಏರಿಸಿಕೊಂಡರೆ, ಅದು ಕೂಗುವ ಹೊತ್ತಿಗೆ ನಾವು ನಿಜವಾಗಿಯೂ ಅಷ್ಟು ಮೀರಿರುತ್ತೇವೆ. ಡ್ಯಾಶ್‌ಬೋರ್ಡಿನಲ್ಲಿ ಸಿಗುವ ರಿಯಾಯಿತಿ ಅಲ್ಲಿ ಇಲ್ಲ. ಹಾಗೆ ಏರಿಸದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಯಾವ ಹಂತದಲ್ಲಿ ತಿಳಿಯಬಹುದಿತ್ತು

ದೃಶ್ಯಾವಳಿಯಲ್ಲಿ ತೆರೆಯ ಸಮಯಗಳನ್ನು ಬರೆದಿಟ್ಟುಕೊಂಡಾಗ ಒಂದು ಕ್ರಮ ಕಂಡಿತು. 5:53ಕ್ಕೆ ತಲುಪುವ ಸಮಯ 6:34 ಇದ್ದದ್ದು, 6:00ಕ್ಕೆ 6:38 ಆಯಿತು, 6:06ಕ್ಕೆ 6:42, 6:14ಕ್ಕೆ 6:50. ಗಡಿಯಾರ ಏಳು ನಿಮಿಷ ಮುಂದೆ ಹೋಗುವಷ್ಟರಲ್ಲಿ ತಲುಪುವ ಸಮಯ ನಾಲ್ಕು ನಿಮಿಷ ಮುಂದೆ ಹೋದರೆ, ಏಳು ನಿಮಿಷ ಕಳೆದು ಮೂರು ನಿಮಿಷದ ದಾರಿಯನ್ನಷ್ಟೇ ಸವೆಸಿದ್ದೇವೆ ಎಂದರ್ಥ. ಕೊನೆಯ ಎಂಟು ನಿಮಿಷದಲ್ಲಿ ಅದು ಎಂಟಕ್ಕೆ ಎಂಟು: ಆ್ಯಪ್‌ನ ಕಣ್ಣಲ್ಲಿ ನಾವು ನಿಂತಲ್ಲೇ ನಿಂತಿದ್ದೆವು. ಸುತ್ತುದಾರಿ ಕೆಡುತ್ತಿದೆ ಎಂಬುದಕ್ಕೆ ಬಣ್ಣಕ್ಕಿಂತ ಈ ಜಾರುವಿಕೆ ಹೆಚ್ಚು ನೆಚ್ಚಬಹುದಾದ ಗುರುತು. ಆದರೆ ನಮ್ಮ ವಿಷಯದಲ್ಲಿ ಅದು ಕಾಣಿಸಿಕೊಂಡದ್ದು ಕಿರಿದಾದ ತುಂಡಿನ ಒಳಗೆ ಹೊಕ್ಕ ಮೇಲೆ. ತಿರುಗಿಸಿಕೊಳ್ಳಲು ಜಾಗವಿರಲಿಲ್ಲ, ಹಿಂದೆಯೂ ಸಾಲು ಬಂದಿತ್ತು.

ಹಾಗಾಗಿ ತೀರ್ಮಾನ ತಿರುಗುವ ಮುಂಚೆಯೇ ಆಗಬೇಕು. ಅದಕ್ಕೆ ಸಿಗುವ ಕಾಲಾವಕಾಶ ಅರ್ಧ ನಿಮಿಷ, ನೋಡುವವನು ಚಾಲಕನಾಗಿರಬಾರದು. ಈಗ ತಮ್ಮನಿಗೆ ನಾನು ಹೇಳಿಕೊಟ್ಟಿರುವುದು ಒಂದೇ ಕೆಲಸ: ಬದಲಿ ಮಾರ್ಗದ ಬಣ್ಣವನ್ನು ಬಿಟ್ಟು, ಅದು ಮುಖ್ಯರಸ್ತೆಯನ್ನು ಮತ್ತೆ ಕೂಡುವ ಜಾಗವನ್ನು ದೊಡ್ಡದು ಮಾಡಿ ನೋಡು. ಅದು ಇಳಿಜಾರು ದಾರಿಯ ಮೂಲಕ ಒಂದೇ ದಿಕ್ಕಿನಲ್ಲಿ ಸೇರುತ್ತದೆಯೇ, ಸಿಗ್ನಲ್ ಇದೆಯೇ, ಅಥವಾ ಎದುರಿನ ವಾಹನಗಳನ್ನು ಅಡ್ಡ ದಾಟಿ ಸೇರಬೇಕೇ? ಮೂರನೆಯದಾದರೆ, ಹೇಳಿದ ಉಳಿತಾಯ ಸುತ್ತುದಾರಿಯ ಒಟ್ಟು ಸಮಯದ ಅರ್ಧಕ್ಕಿಂತ ಕಡಿಮೆ ಇದ್ದಾಗ ನಾನು ತಿರುಗುವುದಿಲ್ಲ. ನಮ್ಮದು 23ಕ್ಕೆ ಒಂಬತ್ತು. ಈ ಅರ್ಧ ಎಂಬುದು ಯಾವ ಶಾಸ್ತ್ರದಿಂದಲೂ ಬಂದದ್ದಲ್ಲ, ನನ್ನ ಅನುಭವದ ಒರಟು ಅಳತೆ.

ಹೆದ್ದಾರಿ ಪೂರ್ತಿ ಮುಚ್ಚಿದ್ದರೆ ಈ ವಾದವೆಲ್ಲ ಬಿದ್ದುಹೋಗುತ್ತದೆ. ಆಗ ಹೆದ್ದಾರಿಯ ಬಾಯಿ ನಿಮಿಷಕ್ಕೆ 25 ಅಲ್ಲ, ಸೊನ್ನೆ. ನಿಮಿಷಕ್ಕೆ ಐದನ್ನು ಬಿಡುವ ಜಂಕ್ಷನ್ ಕೂಡ ಅದಕ್ಕಿಂತ ಮೇಲು. ಸೂಚನೆಯಲ್ಲಿ ವಿಳಂಬ ಎಂದಿದೆಯೇ, ರಸ್ತೆ ಬಂದ್ ಎಂದಿದೆಯೇ ಎಂಬುದನ್ನು ಓದುವುದು ಅದಕ್ಕಾಗಿ. ಎರಡಕ್ಕೂ ಗೆರೆಯ ಬಣ್ಣ ದೂರದಿಂದ ಒಂದೇ ತರ ಕಾಣಬಹುದು.

ಸೆಟ್ಟಿಂಗ್‌ಗಳಿಂದ ಆಗುವ ಸಹಾಯ ಸ್ವಲ್ಪವೇ. ವೇಜ್ ಎಂಬ ನ್ಯಾವಿಗೇಷನ್ ಆ್ಯಪ್‌ನಲ್ಲಿ ಕಷ್ಟದ ಜಂಕ್ಷನ್‌ಗಳನ್ನು ತಪ್ಪಿಸುವ ಆಯ್ಕೆಯಿದೆ. ಅಡ್ಡ ದಾಟುವ ತಿರುವುಗಳನ್ನು ಅದು ಕಡಿಮೆ ಮಾಡುತ್ತದೆ, ಆದರೆ ಎಲ್ಲ ಕಡೆ ಲಭ್ಯವಿಲ್ಲ. ಮಣ್ಣಿನ ರಸ್ತೆ ಬೇಡವೆಂದು ಹೇಳಲೂ ಅಲ್ಲಿ ಅವಕಾಶವಿದೆ. ಕೆಲವು ಆ್ಯಪ್‌ಗಳಲ್ಲಿ ಬೇಗನೆಯ ದಾರಿ ಸಿಕ್ಕಿದೆ ಎಂಬ ಸೂಚನೆ ಬಂದಾಗ ಬೇಡವೆಂದು ಒತ್ತದಿದ್ದರೆ ದಾರಿ ತಾನಾಗಿಯೇ ಬದಲಾಗುತ್ತದೆ. ಮೌನವೇ ಸಮ್ಮತಿಯಾಗುವ ಈ ಏರ್ಪಾಡಿನಿಂದ, ತಾವು ಸುತ್ತುದಾರಿ ಆರಿಸಿಕೊಂಡದ್ದೇ ತಿಳಿಯದೆ ತಿರುಗಿದವರು ನಮ್ಮ ಮುಂದಿನ 80 ವಾಹನಗಳಲ್ಲಿ ಎಷ್ಟಿದ್ದರೋ.

ಮೂರು ವಾರಗಳ ನಂತರ ಅದೇ ದಾರಿಯಲ್ಲಿ, ಅದೇ ಕೆಳಸೇತುವೆಯ ಹತ್ತಿರ, ಅದೇ ಸುತ್ತುದಾರಿಯನ್ನು ಆ್ಯಪ್ ಮತ್ತೆ ತೋರಿಸಿತು. ಉಳಿತಾಯ ಆರು ನಿಮಿಷ ಎಂದಿತು. ತಮ್ಮ ಕೇಳದೆಯೇ ಬೇಡವೆಂದು ಒತ್ತಿದ. ಆ ದಿನ ಹೆದ್ದಾರಿಯ ಸಾಲಿನಲ್ಲಿ 12 ನಿಮಿಷ ಕಳೆದೆವು. ಸುತ್ತುದಾರಿಯಲ್ಲಿ ಎಷ್ಟಾಗುತ್ತಿತ್ತೋ, ಆ ದಿನ ಹಿಂದೆ ಗೆಳೆಯನ ಕಾರಿರಲಿಲ್ಲ. ತಪ್ಪು ವೇಗಮಿತಿಯ ಬಗ್ಗೆ 30ರ ಫಲಕದ ಚಿತ್ರದೊಂದಿಗೆ ಆ್ಯಪ್ ಮೂಲಕವೇ ದೋಷ ವರದಿ ಕಳುಹಿಸಿದ್ದೆ. ಎರಡು ತಿಂಗಳ ಮೇಲೆ ನೋಡಿದಾಗ ಸೇತುವೆಯ ಈಚೆ ಬದಿಯಲ್ಲಿ ತೆರೆ 30 ಎಂದು ತೋರಿಸಿತು. ಸೇತುವೆಯ ಆಚೆ ಇನ್ನೂ 50 ಇದೆ.